ರೆಕಾರ್ಡ್ ಆದ ಮಾತುಕತೆಯ ಸಾರಾಂಶ: ‘ನಾವು ಹೇಳಿದ್ದು ಇದೇ’ ಎಂದು ಎರಡೂ ಕಡೆಯವರು ಒಪ್ಪುವಂತೆ ಬರೆಯುವ ಕ್ರಮ

ಸಂಬಳದ ಮಾತುಕತೆಯ ಎರಡು ಗಂಟೆಯ ರೆಕಾರ್ಡಿಂಗನ್ನು ಎರಡು ಪುಟಕ್ಕೆ ಇಳಿಸಿಕೊಡಿ ಎಂದು ಯಾರಿಗಾದರೂ ಒಪ್ಪಿಸಿದರೆ, ಅವರು ಬೇಕೆಂದೇ ಒಂದು ಕಡೆಗೆ ವಾಲುವುದು ಅಪರೂಪ. ವಾಲಿಕೆ ಬರುವುದು ಅರಿವಿಲ್ಲದ ದಾರಿಗಳಿಂದ. ಪ್ರಸ್ತಾಪದ ಜೊತೆಗಿದ್ದ ಷರತ್ತು ಬಿಟ್ಟುಹೋಗುತ್ತದೆ. ‘ನೋಡೋಣ’ ಎಂದದ್ದು ‘ಒಪ್ಪಿದರು’ ಆಗುತ್ತದೆ. ಒಬ್ಬರು ತಿಂಗಳ ಲೆಕ್ಕ ಹೇಳಿದ್ದಾರೆ, ಇನ್ನೊಬ್ಬರು ಮೂರು ವರ್ಷದ ಲೆಕ್ಕ ಹೇಳಿದ್ದಾರೆ ಎಂಬುದು ಮರೆಯಾಗುತ್ತದೆ. ಸಾರಾಂಶ ಕೈಗೆ ಬಂದ ಕೂಡಲೇ ‘ನಾವು ಹಾಗೆ ಹೇಳೇ ಇಲ್ಲ’ ಎಂಬ ಮಾತು ಏಳುತ್ತದೆ. ಮುಂದಿನ ಸಭೆಯ ಮೊದಲ ಅರ್ಧ ಗಂಟೆ ಸಂಬಳದ ಬದಲು ಸಾರಾಂಶದ ಮೇಲಿನ ಜಗಳಕ್ಕೇ ಹೋಗುತ್ತದೆ.

ಕೆಳಗಿನ ಕ್ರಮ ಕಾರ್ಮಿಕ ಸಂಘ ಮತ್ತು ಆಡಳಿತ ಮಂಡಳಿಯ ನೇರ ಮಾತುಕತೆಯನ್ನು ಮುಂದಿಟ್ಟುಕೊಂಡು ಬರೆದದ್ದು. ಅಪಾರ್ಟ್‌ಮೆಂಟ್ ಸಂಘ ಮತ್ತು ಬಿಲ್ಡರ್, ಹಾಲು ಹಾಕುವವರು ಮತ್ತು ಡೇರಿ, ಬಾಡಿಗೆದಾರ ಮತ್ತು ಮಾಲೀಕ ಇಂಥ ಮಾತುಕತೆಗಳಿಗೂ ಇದು ಹೊಂದುತ್ತದೆ.

ಮೊದಲು: ರೆಕಾರ್ಡ್ ಮಾಡಬಹುದಾದ ಸಭೆಯೇ?

ಔಪಚಾರಿಕ ಮಧ್ಯಸ್ಥಿಕೆಗೆ ಬೇರೆಯದೇ ನಿಯಮವಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯ 22ನೇ ವಿಭಾಗದ ಪ್ರಕಾರ ಮಧ್ಯಸ್ಥಿಕೆಯ ಕಲಾಪವನ್ನು ಪಕ್ಷಗಾರರಾಗಲಿ ಮಧ್ಯಸ್ಥರಾಗಲಿ ಆಡಿಯೋ ಅಥವಾ ವಿಡಿಯೋ ರೆಕಾರ್ಡ್ ಮಾಡುವಂತಿಲ್ಲ. ಆನ್‌ಲೈನಿನಲ್ಲಿ ನಡೆದರೂ ಅಷ್ಟೇ. ಕಾಯ್ದೆ ಜಾರಿಗೆ ಬರುತ್ತಿರುವುದು ಹಂತಹಂತವಾಗಿ. ಆದರೆ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂಥ ಕಡೆ, ನ್ಯಾಯಾಲಯ ಒಪ್ಪಿಸಿದ ಪ್ರಕರಣಗಳಲ್ಲಿ, ಗೋಪ್ಯತೆ ಮೊದಲಿನಿಂದಲೂ ಬುಡದ ನಿಯಮ. ಅಂಥ ಕೋಣೆಯಿಂದ ಯಾರಾದರೂ ಕದ್ದು ರೆಕಾರ್ಡ್ ಮಾಡಿದ್ದನ್ನು ತಂದುಕೊಟ್ಟು ಸಾರಾಂಶ ಬರೆಯಿರಿ ಎಂದರೆ ಬರೆಯಬಾರದು.

ಹಾಗಾಗಿ ಈ ಕೆಲಸ ಸಲ್ಲುವುದು ಎರಡೂ ಕಡೆಯವರು ಒಪ್ಪಿ ರೆಕಾರ್ಡ್ ಮಾಡಿದ ನೇರ ಮಾತುಕತೆಗೆ. ಒಪ್ಪಿಗೆ ರೆಕಾರ್ಡಿಂಗಿನ ಒಳಗೇ ಇರಬೇಕು. ಸಭೆ ಶುರುವಾದಾಗ ದಿನಾಂಕ ಹೇಳಿ, ಹಾಜರಿದ್ದವರೆಲ್ಲ ಒಬ್ಬೊಬ್ಬರಾಗಿ ಹೆಸರು, ಹುದ್ದೆ ಹೇಳಿ ‘ರೆಕಾರ್ಡಿಂಗಿಗೆ ಒಪ್ಪಿಗೆ ಇದೆ’ ಎನ್ನಲಿ. ಇದರಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಆಮೇಲೆ ಕೇಳುವಾಗ ಯಾರ ದನಿ ಯಾರದು ಎಂದು ಗುರುತಿಸಲು ಆ ಮೊದಲ ಎರಡು ನಿಮಿಷವೇ ಆಧಾರ. ಮೇಜಿನ ಎರಡೂ ತುದಿಗೆ ಒಂದೊಂದು ಫೋನ್ ಇಟ್ಟು ರೆಕಾರ್ಡ್ ಮಾಡುವುದು ಒಳ್ಳೆಯದು. ಒಂದೇ ಫೋನಿದ್ದರೆ ಅದು ಯಾರ ಮುಂದಿದೆಯೋ ಅವರ ಮಾತು ಸ್ಪಷ್ಟವಾಗಿ, ಎದುರಿನವರದು ಮಸುಕಾಗಿ ಕೇಳುತ್ತದೆ. ಸ್ಪಷ್ಟವಾಗಿ ಕೇಳಿದ್ದೇ ಸಾರಾಂಶದಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ.

ಒಂದು ಕಡೆಯವರು ತಮ್ಮೊಳಗೇ ಚರ್ಚಿಸಲು ಹೊರಗೆ ಹೋದಾಗ ರೆಕಾರ್ಡಿಂಗ್ ನಿಲ್ಲಿಸಬೇಕು. ನಿಲ್ಲಿಸಲು ಮರೆತು ಆ ಮಾತು ಫೈಲಿನಲ್ಲಿ ಸೇರಿದ್ದರೆ, ‘1:12:40ರಿಂದ 1:21:05ರವರೆಗೆ ವಿರಾಮ’ ಎಂದಷ್ಟೇ ಬರೆಯಿರಿ. ಒಳಗೆ ಕೇಳಿದ ಒಂದು ಪದವೂ ಸಾರಾಂಶಕ್ಕೆ ಬರಬಾರದು. ಆ ಫೈಲನ್ನು ಎದುರು ಕಡೆಗೆ ಕೊಡುವ ಮುನ್ನ ಆ ಭಾಗ ಕತ್ತರಿಸಿರಬೇಕು.

ಮೊದಲ ಸಲ ಕೇಳುವಾಗ ಸಾರಾಂಶ ಬರೆಯಬೇಡಿ

ಮೂಲ ಫೈಲನ್ನು ಮುಟ್ಟದೆ ಪಕ್ಕಕ್ಕಿಟ್ಟು, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಅಕ್ಷರಶಃ ಎಲ್ಲವನ್ನೂ ಬರೆದಿಳಿಸಬೇಕಾಗಿಲ್ಲ. ಒಂದು ಗಂಟೆಯ ಮಾತನ್ನು ಹಾಗೆ ಇಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಹತ್ತು ಜನ ಒಟ್ಟಿಗೆ ಮಾತಾಡುವ ಸಭೆಯಾದರೆ ಇನ್ನೂ ಹೆಚ್ಚು. ಅದರ ಬದಲು ಒಂದು ಸೂಚಿ ಮಾಡಿಕೊಳ್ಳಿ. ಎಕ್ಸೆಲ್ ಹಾಳೆಯಲ್ಲಾಗಲಿ ನೋಟ್‌ಬುಕ್ಕಿನಲ್ಲಾಗಲಿ ನಾಲ್ಕು ಕಾಲಂ ಸಾಕು: ಸಮಯ, ಮಾತಾಡಿದವರು, ವಿಷಯ, ಮಾತಿನ ಬಗೆ.

ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಪ್ರತಿ ಮಾತನ್ನೂ ಬೇಡಿಕೆ, ಪ್ರಸ್ತಾಪ, ಷರತ್ತು, ಕಾರಣ, ಪ್ರಶ್ನೆ, ಉತ್ತರ, ಒಪ್ಪಿಗೆ, ನಿರಾಕರಣೆ ಎಂದು ಗುರುತಿಸಿ. ಯಾವುದೆಂದು ಹೊಳೆಯದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಈ ಗುರುತು ಹಾಕುವಾಗಲೇ ಬಹಳಷ್ಟು ತಪ್ಪು ನಿಲ್ಲುತ್ತದೆ. ಯಾಕೆಂದರೆ ‘ಷರತ್ತು’ ಎಂದು ಬರೆದ ಸಾಲನ್ನು ಅದು ಯಾವ ಪ್ರಸ್ತಾಪಕ್ಕೆ ಸೇರಿದ್ದು ಎಂದು ಯೋಚಿಸದೆ ದಾಟಲು ಆಗುವುದಿಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ಕೇಳುವವರಿಗೆ ಒಂದು ಸಣ್ಣ ಅನುಕೂಲವಿದೆ: ವಿಂಡೋಸ್ ಕಂಪ್ಯೂಟರಿನಲ್ಲಿ `Shift` ಒತ್ತಿ ಎಡ ಬಾಣದ ಗುಂಡಿ ಒತ್ತಿದರೆ ಮೂರು ಸೆಕೆಂಡು, `Alt` ಒತ್ತಿ ಒತ್ತಿದರೆ ಹತ್ತು ಸೆಕೆಂಡು ಹಿಂದೆ ಹೋಗುತ್ತದೆ. ಅಂಕಿ ಬಂದ ಕಡೆಯಲ್ಲೆಲ್ಲ ಎರಡು ಸಲ ಕೇಳಿ. ‘ಆರೂವರೆ’, ‘ಮೂರೂವರೆ’ ಗದ್ದಲದಲ್ಲಿ ಒಂದರಂತೆ ಇನ್ನೊಂದು ಕೇಳುತ್ತವೆ.

ಸಾರಾಂಶವನ್ನು ವಿಷಯದ ಮೇಲೆ ಜೋಡಿಸಿ

ಸಭೆ ನಡೆದ ಕ್ರಮದಲ್ಲೇ ಬರೆದರೆ ಹೆಚ್ಚು ಸಲ, ಹೆಚ್ಚು ಹೊತ್ತು ಮಾತಾಡಿದವರ ವಾದ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಮೊದಲು ಸಂಘದ್ದೆಲ್ಲ, ಆಮೇಲೆ ಆಡಳಿತದ್ದೆಲ್ಲ ಬರೆದರೆ ಯಾವ ಮಾತಿಗೆ ಯಾವುದು ಉತ್ತರ ಎಂಬುದೇ ತಿಳಿಯುವುದಿಲ್ಲ. ಬೇಡಿಕೆ ಪಟ್ಟಿಯ ಕ್ರಮಸಂಖ್ಯೆಯಂತೆ ಒಂದೊಂದೇ ವಿಷಯ ತೆಗೆದುಕೊಂಡು, ಅದರೊಳಗೆ ಎರಡೂ ಕಡೆಗೆ ಅವೇ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿಂದ ಶುರು ಮಾಡಿದರು? ಸಭೆ ಮುಗಿದಾಗ ಎಲ್ಲಿದ್ದರು? ಯಾವ ಷರತ್ತಿನ ಮೇಲೆ? ಕೊಟ್ಟ ಕಾರಣ ಏನು? ಒಂದು ಕಡೆಗೆ ಉತ್ತರವಿಲ್ಲದಿದ್ದರೆ ಆ ಸಾಲನ್ನು ತೆಗೆದುಹಾಕದೆ ‘ಈ ಸಭೆಯಲ್ಲಿ ಹೇಳಲಿಲ್ಲ’ ಎಂದು ಬರೆಯಬೇಕು.

ವಿಷಯದ ಶೀರ್ಷಿಕೆಯೂ ಯಾರ ಬಾಯಿಯದೂ ಆಗಬಾರದು. ‘ನ್ಯಾಯಯುತ ವೇತನ ಹೆಚ್ಚಳ’ ಸಂಘದ ಮಾತು, ‘ಉತ್ಪಾದನೆಯ ಕೊರತೆ’ ಆಡಳಿತದ ಮಾತು. ‘ಮಾಸಿಕ ವೇತನ ಪರಿಷ್ಕರಣೆ’, ‘ಪ್ರತಿ ಶಿಫ್ಟಿನ ಉತ್ಪಾದನಾ ಪ್ರಮಾಣ’ ಎಂದರೆ ಇಬ್ಬರಿಗೂ ತಕರಾರಿಲ್ಲ. ಯಾರನ್ನು ಮೊದಲು ಬರೆಯಬೇಕು ಎಂಬುದಕ್ಕೆ ಸರಳ ನಿಯಮ: ಆ ವಿಷಯವನ್ನು ಎತ್ತಿದವರು ಮೊದಲು. ಸಂಬಳದಲ್ಲಿ ಸಂಘ ಮೊದಲು ಬರುತ್ತದೆ, ಉತ್ಪಾದನೆಯಲ್ಲಿ ಆಡಳಿತ ಮೊದಲು ಬರುತ್ತದೆ. ಈ ನಿಯಮವನ್ನು ಸಾರಾಂಶದ ತಲೆಯಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಪ್ರತಿ ಪ್ಯಾರಾದ ಕೊನೆಯ ಮಾತು ಒಂದೇ ಕಡೆಯದಾಗಿ, ಅದೇ ತೀರ್ಮಾನವೆಂಬಂತೆ ಕಾಣುತ್ತದೆ.

ಒಂದು ತುಣುಕು, ಎರಡು ಸಾರಾಂಶ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಎಂದುಕೊಳ್ಳಿ. ಈ ಮಾತುಕತೆ ಉದಾಹರಣೆಗಾಗಿ ಕಟ್ಟಿದ್ದು. ರೆಕಾರ್ಡಿಂಗಿನ 42:10ರಿಂದ 44:05ರವರೆಗೆ ಹೀಗಿದೆ:

ಸಂಘದ ಕಾರ್ಯದರ್ಶಿ: “ಸಾರ್, ತಿಂಗಳಿಗೆ ಎಂಟು ಸಾವಿರ ಕೇಳಿದ್ವಿ. ಮನೆ ಬಾಡಿಗೆ, ಸ್ಕೂಲ್ ಫೀಸು ಎಲ್ಲಾ ನಿಮಗೂ ಗೊತ್ತು. ಆರೂವರೆಗೆ ಬರ್ತೀವಿ. ಆದ್ರೆ ಅದು ಬೇಸಿಕ್‌ಗೆ ಸೇರ್ಬೇಕು, ಏಪ್ರಿಲ್‌ನಿಂದ ಅರಿಯರ್ಸ್ ಬರ್ಬೇಕು.”

ಎಚ್‌ಆರ್ ಮ್ಯಾನೇಜರ್: “ಆರೂವರೆ ಆಗಲ್ಲ. ಮೂರು ಸಾವಿರ ಹೇಳಿದ್ವಿ, ನಾಲ್ಕೂವರೆವರೆಗೂ ಹೋಗಬಹುದು, ಮೂರು ವರ್ಷಕ್ಕೆ ಸೇರಿಸಿ. ಈಗ ಶಿಫ್ಟಿಗೆ ನಾನೂರ ಇಪ್ಪತ್ತು ಪೀಸು ಬರ್ತಾ ಇದೆ, ಅದು ನಾನೂರ ಎಂಬತ್ತು ಆಗ್ಬೇಕು. ಆದ್ರೆ ಮಾತ್ರ.”

ಕಾರ್ಯದರ್ಶಿ: “ಮಿಷಿನ್ ಹಳೇದು ಸಾರ್, ವಾರಕ್ಕೆರಡು ದಿನ ನಿಂತಿರುತ್ತೆ. ಮೊದ್ಲು ರಿಪೇರಿ ಮಾಡಿಸಿ, ಆಮೇಲೆ ಪೀಸಿನ ವಿಷಯ ನೋಡೋಣ.”

ಮ್ಯಾನೇಜರ್: “ಮೇಂಟೆನೆನ್ಸ್ ಬಗ್ಗೆ ಪ್ಲಾಂಟ್ ಹೆಡ್ ಹತ್ರ ಮಾತಾಡ್ತೀನಿ. ಅರಿಯರ್ಸ್ ಈಗ ಹೇಳೋಕಾಗಲ್ಲ.”

ಸಂಘದ ಅಧ್ಯಕ್ಷ: “ಹಿಂಗೇ ಆದ್ರೆ ಹುಡುಗ್ರು ಸುಮ್ನಿರಲ್ಲ ಸಾರ್.”

ಮ್ಯಾನೇಜರ್: “ಹೆದರಿಸಬೇಡಿ. ಆರ್ಡರ್ ಬೇರೆ ಕಡೆ ಹೋಗ್ತಾ ಇದೆ.”

ಇದನ್ನು ಅವಸರದಲ್ಲಿ ಬರೆದರೆ ಸಾಮಾನ್ಯವಾಗಿ ಹೀಗಾಗುತ್ತದೆ:

“ರೂ. 8,000 ಹೆಚ್ಚಳಕ್ಕೆ ಪಟ್ಟು ಹಿಡಿದಿದ್ದ ಸಂಘವು ಕೊನೆಗೆ ರೂ. 6,500ಕ್ಕೆ ಇಳಿಯಿತು. ಆಡಳಿತ ಮಂಡಳಿಯು ಆರ್ಡರ್ ಕಡಿಮೆಯಾಗಿರುವುದನ್ನು ಸ್ಪಷ್ಟಪಡಿಸಿ, ರೂ. 4,500 ನೀಡಲು ಒಪ್ಪಿತು. ಉಭಯರ ನಡುವಿನ ಅಂತರ ಈಗ ರೂ. 2,000 ಮಾತ್ರ. ಉತ್ಪಾದನೆ ಹೆಚ್ಚಿಸುವ ಬಗ್ಗೆ ಪರಿಶೀಲಿಸಲು ಸಂಘ ಸಮ್ಮತಿಸಿತು. ಯಂತ್ರ ದುರಸ್ತಿಗೆ ಆಡಳಿತ ಭರವಸೆ ನೀಡಿತು. ಸಂಘದ ಅಧ್ಯಕ್ಷರು ಮುಷ್ಕರದ ಬೆದರಿಕೆ ಹಾಕಿದರು.”

ಓದಲು ಚೆನ್ನಾಗಿಯೇ ಇದೆ. ಆದರೆ ಪ್ರತಿ ಸಾಲಿನಲ್ಲೂ ಒಂದು ತಪ್ಪಿದೆ. ಸಂಘದ ಎರಡು ಷರತ್ತು ಹೋಗಿವೆ, ಆಡಳಿತದ ಪೀಸಿನ ಷರತ್ತೂ ಹೋಗಿದೆ. ‘ಹೋಗಬಹುದು’ ಎಂದದ್ದು ‘ಒಪ್ಪಿತು’ ಆಗಿದೆ. ಇದು ಆಡಳಿತಕ್ಕೆ ಆದ ಅನ್ಯಾಯ. ರಿಪೇರಿ ಆದಮೇಲೆ ನೋಡೋಣ ಎಂದದ್ದು ‘ಸಮ್ಮತಿ’ ಆಗಿದೆ. ಇದು ಸಂಘಕ್ಕೆ ಆದ ಅನ್ಯಾಯ. ಪ್ಲಾಂಟ್ ಹೆಡ್ ಹತ್ತಿರ ಮಾತಾಡುತ್ತೇನೆ ಎಂಬುದು ಭರವಸೆಯಲ್ಲ. ಅರಿಯರ್ಸ್ ಬಗ್ಗೆ ಉತ್ತರ ಸಿಗಲಿಲ್ಲ ಎಂಬುದೇ ಇಲ್ಲ. ಮುಷ್ಕರ ಎಂಬ ಪದ ಯಾರ ಬಾಯಲ್ಲೂ ಬಂದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಸಾಲು ‘ಅಂತರ ರೂ. 2,000 ಮಾತ್ರ’. ಸಂಘದ 6,500 ಮೊದಲ ತಿಂಗಳಿಂದಲೇ ಬರಬೇಕಾದ ಮೊತ್ತವೆಂದು ಇಟ್ಟುಕೊಂಡರೆ, 36 ತಿಂಗಳಲ್ಲಿ ಒಬ್ಬ ಕಾರ್ಮಿಕನಿಗೆ ಸೇರುವುದು 2,34,000 ರೂಪಾಯಿ. ಆಡಳಿತದ 4,500 ‘ಮೂರು ವರ್ಷಕ್ಕೆ ಸೇರಿಸಿ’ ಎಂದರೆ ಎರಡು ಅರ್ಥ ಸಾಧ್ಯ. ಮೊದಲ ತಿಂಗಳಿಂದಲೇ 4,500 ಕೊಟ್ಟು ಮೂರು ವರ್ಷ ಹಾಗೇ ಇಡುವುದಾದರೆ 1,62,000. ವರ್ಷಕ್ಕೆ 1,500ರಂತೆ ಏರಿಸುತ್ತ ಮೂರನೇ ವರ್ಷ 4,500 ಮುಟ್ಟಿಸುವುದಾದರೆ 1,08,000. ಒಂದೇ ಪ್ರಸ್ತಾಪದ ಎರಡು ಓದಿನ ನಡುವೆ ತಲಾ 54,000 ರೂಪಾಯಿ ವ್ಯತ್ಯಾಸ. ಅದರ ಮೇಲೆ ಬೇಸಿಕ್ ಪ್ರಶ್ನೆ ಬೇರೆ. ಹೆಚ್ಚಳ ಬೇಸಿಕ್‌ಗೆ ಸೇರಿದರೆ ಸಾಮಾನ್ಯವಾಗಿ ಪಿಎಫ್, ಗ್ರಾಚ್ಯುಟಿ ಲೆಕ್ಕವೂ ಮೇಲೇರುತ್ತದೆ. ಭತ್ಯೆಯಾಗಿ ಕೊಟ್ಟರೆ ಲೆಕ್ಕವೇ ಬೇರೆ. ಹೀಗಿರುವಾಗ ಎರಡು ಅಂಕಿಗಳನ್ನು ಕಳೆದು ‘ಅಂತರ’ ಎಂದು ಬರೆದರೆ ಒಪ್ಪಂದ ಹತ್ತಿರವಿದೆ ಎಂಬ ಸುಳ್ಳು ನಂಬಿಕೆ ಎರಡೂ ಕಡೆ ಹುಟ್ಟುತ್ತದೆ.

ಹಾಗೆಂದು ಈ ಲೆಕ್ಕವನ್ನು ಸಾರಾಂಶದಲ್ಲಿ ಹಾಕಬಾರದು. ಸಭೆಯಲ್ಲಿ ಯಾರೂ ಈ ಲೆಕ್ಕ ಹೇಳಲಿಲ್ಲ. ಬರೆಯುವವರು ಹಾಕಿದ ಲೆಕ್ಕ ಯಾರಿಗೋ ಒಬ್ಬರಿಗೆ ವಾದ ಒದಗಿಸಿದಂತೆ. 420ರಿಂದ 480 ಎಂಬುದನ್ನು ‘ಶೇ. 14 ಹೆಚ್ಚಳ’ ಎಂದು ಬರೆಯುವುದೂ ಹಾಗೇ. ಅವರು ಪೀಸಿನಲ್ಲಿ ಹೇಳಿದ್ದನ್ನು ಪೀಸಿನಲ್ಲೇ ಬರೆಯಿರಿ. ಲೆಕ್ಕ ತೋರಿಸಿಕೊಟ್ಟ ಗೊಂದಲ ಮಾತ್ರ ಪ್ರಶ್ನೆಯ ರೂಪದಲ್ಲಿ ಸಾರಾಂಶಕ್ಕೆ ಹೋಗಲಿ. ಅದೇ ತುಣುಕಿನ ಸರಿಯಾದ ರೂಪ:

> ವಿಷಯ 1: ಮಾಸಿಕ ವೇತನ ಪರಿಷ್ಕರಣೆ (42:10–44:05)
>
> ಸಂಘ: ಆರಂಭದ ಬೇಡಿಕೆ ತಿಂಗಳಿಗೆ ರೂ. 8,000. ಈ ಸಭೆಯಲ್ಲಿ ರೂ. 6,500 ಎಂದು ಹೇಳಿತು. ಷರತ್ತು ಎರಡು: ಮೊತ್ತ ಬೇಸಿಕ್‌ಗೆ ಸೇರಬೇಕು, ಏಪ್ರಿಲ್‌ನಿಂದ ಅರಿಯರ್ಸ್ ಕೊಡಬೇಕು. ಕಾರಣ: ಮನೆ ಬಾಡಿಗೆ, ಶಾಲೆಯ ಶುಲ್ಕ.
>
> ಆಡಳಿತ: ಆರಂಭದ ಪ್ರಸ್ತಾಪ ರೂ. 3,000. ರೂ. 6,500ಕ್ಕೆ ಒಪ್ಪಲಿಲ್ಲ. ರೂ. 4,500ರವರೆಗೂ “ಹೋಗಬಹುದು, ಮೂರು ವರ್ಷಕ್ಕೆ ಸೇರಿಸಿ” ಎಂದು ಹೇಳಿತು. ಷರತ್ತು: ವಿಷಯ 2ರ ಉತ್ಪಾದನಾ ಪ್ರಮಾಣ. ಕಾರಣ: ಆರ್ಡರ್‌ಗಳು ಬೇರೆ ಕಡೆ ಹೋಗುತ್ತಿವೆ ಎಂದು ಹೇಳಿತು. ಬೇಸಿಕ್‌ಗೆ ಸೇರಿಸುವ ಬಗ್ಗೆ ಈ ಸಭೆಯಲ್ಲಿ ಹೇಳಲಿಲ್ಲ. ಅರಿಯರ್ಸ್ ಬಗ್ಗೆ ಈಗ ಹೇಳಲಾಗುವುದಿಲ್ಲ ಎಂದಿತು.
>
> ಸ್ಪಷ್ಟವಾಗಬೇಕಾದ್ದು: ರೂ. 4,500 ಮೊದಲ ವರ್ಷದಿಂದಲೇ ಪೂರ್ತಿಯೇ, ವರ್ಷವರ್ಷ ಹಂಚಿಯೇ? ಸಂಘದ ರೂ. 6,500 ಎಷ್ಟು ವರ್ಷದ ಅವಧಿಗೆ?
>
> ವಿಷಯ 2: ಪ್ರತಿ ಶಿಫ್ಟಿನ ಉತ್ಪಾದನಾ ಪ್ರಮಾಣ
>
> ಆಡಳಿತ: ಈಗ 420 ಪೀಸ್ ಬರುತ್ತಿದೆ, 480 ಆಗಬೇಕು ಎಂದು ಹೇಳಿತು. ಯಂತ್ರದ ದುರಸ್ತಿ ಕುರಿತು ಪ್ಲಾಂಟ್ ಹೆಡ್ ಜೊತೆ ಮಾತಾಡುವುದಾಗಿ ಎಚ್‌ಆರ್ ಮ್ಯಾನೇಜರ್ ಹೇಳಿದರು. ದಿನಾಂಕ ಹೇಳಲಿಲ್ಲ.
>
> ಸಂಘ: ಯಂತ್ರ ಹಳೆಯದು, ವಾರಕ್ಕೆ ಎರಡು ದಿನ ನಿಂತಿರುತ್ತದೆ ಎಂದು ಹೇಳಿತು. ಮೊದಲು ದುರಸ್ತಿ ಆಗಲಿ, “ಆಮೇಲೆ ಪೀಸಿನ ವಿಷಯ ನೋಡೋಣ” ಎಂದಿತು. 480ಕ್ಕೆ ಒಪ್ಪಿದ್ದಾಗಲಿ ನಿರಾಕರಿಸಿದ್ದಾಗಲಿ ಇಲ್ಲ.

ಇದರಲ್ಲಿ ಎರಡೂ ಕಡೆಯ ಸಾಲುಗಳ ಸಂಖ್ಯೆ ಸಮವಿಲ್ಲ ಎಂಬುದನ್ನು ಗಮನಿಸಿ. ಸಮವಿರಬೇಕಾಗಿಯೂ ಇಲ್ಲ. ಕೇಳಿದ ಪ್ರಶ್ನೆಗಳು ಸಮ, ಉತ್ತರ ಎಷ್ಟಿದೆಯೋ ಅಷ್ಟು. ಒಬ್ಬರು ಐದು ಕಾರಣ ಕೊಟ್ಟು ಇನ್ನೊಬ್ಬರು ಒಂದೇ ಕೊಟ್ಟಿದ್ದರೆ, ಐದನ್ನು ಒಂದಕ್ಕೆ ಕುಗ್ಗಿಸುವುದೂ ಒಂದನ್ನು ಎಳೆದು ಹಿಗ್ಗಿಸುವುದೂ ಪಕ್ಷಪಾತವೇ. ಒಂದೇ ಕಾರಣವನ್ನು ಐದು ಸಲ ಹೇಳಿದ್ದರೆ ಮಾತ್ರ ಒಂದು ಸಲ ಬರೆದರೆ ಸಾಕು.

ಕ್ರಿಯಾಪದದಲ್ಲಿ ಅಡಗುವ ವಾಲಿಕೆ

ಮೇಲಿನ ಸರಿಯಾದ ರೂಪದಲ್ಲಿ ‘ಹೇಳಿತು’ ಎಂಬುದೇ ಮತ್ತೆ ಮತ್ತೆ ಬಂದಿದೆ. ಇದು ಓದಲು ಸ್ವಲ್ಪ ಸಪ್ಪೆ, ಆದರೂ ಹಾಗೇ ಇರಲಿ. ಹೇಳಿದರು, ಕೇಳಿದರು, ಉತ್ತರಿಸಿದರು, ಪ್ರಸ್ತಾಪಿಸಿದರು, ಒಪ್ಪಿದರು, ಒಪ್ಪಲಿಲ್ಲ ಎಂಬ ಆರು ಕ್ರಿಯಾಪದಗಳಲ್ಲಿ ಯಾವ ಮಾತುಕತೆಯನ್ನಾದರೂ ಬರೆಯಬಹುದು. ಸುದ್ದಿಯ ಭಾಷೆಯ ರೂಢಿಯಿಂದ ಬೇರೆ ಪದಗಳು ಕೈಗೆ ತಾನಾಗಿ ಬರುತ್ತವೆ, ಅವುಗಳಲ್ಲಿ ತೀರ್ಪು ಸೇರಿರುತ್ತದೆ. ‘ಸ್ಪಷ್ಟಪಡಿಸಿದರು’ ಎಂದರೆ ಅವರು ಹೇಳಿದ್ದು ನಿಜ ಎಂದಾಯಿತು. ‘ಮನವರಿಕೆ ಮಾಡಿಕೊಟ್ಟರು’ ಎಂದರೆ ಎದುರಿನವರು ನಂಬಿದರು ಎಂದಾಯಿತು. ‘ಆರೋಪಿಸಿದರು’ ಎಂದರೆ ಅನುಮಾನ ಸೇರಿತು. ‘ಒಪ್ಪಿದರು’ ಎಂಬುದು ಪ್ರಸ್ತಾಪಕ್ಕೆ ಸಲ್ಲುತ್ತದೆ. ‘ಒಪ್ಪಿಕೊಂಡರು’ ಎಂದರೆ ಎಷ್ಟೋ ಸಲ ತಪ್ಪೊಪ್ಪಿಗೆಯ ಧಾಟಿ ಬರುತ್ತದೆ. ‘ಯಂತ್ರ ಹಳೆಯದೆಂದು ಆಡಳಿತ ಒಪ್ಪಿಕೊಂಡಿತು’ ಎಂಬ ಒಂದು ಸಾಲು ಮುಂದೆ ಅಪಘಾತದ ಪ್ರಕರಣದವರೆಗೂ ಹೋಗಬಹುದು. ಹೇಳಿದವರು ನಿಜಕ್ಕೂ ಆ ಅರ್ಥದಲ್ಲಿ ಹೇಳಿದ್ದರೆ ಅವರ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ, ಸಮಯ ಬರೆಯಿರಿ.

ಕ್ರಿಯಾಪದದಷ್ಟೇ ಅಪಾಯ ಸಣ್ಣ ಪದಗಳಲ್ಲೂ ಇದೆ. ‘ಕೇವಲ’, ‘ಕೊನೆಗೂ’, ‘ಇಷ್ಟಾದರೂ’, ‘ಮಾತ್ರ’ ಇವನ್ನೆಲ್ಲ ಹುಡುಕಿ ತೆಗೆಯಿರಿ. ಅವರೇ ಆಡಿದ ‘ಆದ್ರೆ ಮಾತ್ರ’ದಂಥದ್ದು ಬೇರೆ, ಅದು ಷರತ್ತು. ‘ನಿಂತಿರುತ್ತದಂತೆ’ ಎಂಬ ‘ಅಂತೆ’ಯೂ ಬೇಡ, ಅದು ನಂಬಿಕೆಯಿಲ್ಲದ ದನಿ. ಆಡಳಿತದ ಆರ್ಡರ್ ಮಾತಿಗೂ ಸಂಘದ ಯಂತ್ರದ ಮಾತಿಗೂ ‘ಎಂದು ಹೇಳಿತು’ ಎಂಬ ಒಂದೇ ಅಳತೆ ಇರಲಿ. ಎರಡೂ ಅಲ್ಲಿ ಹೇಳಿದ ಮಾತುಗಳು, ಪರಿಶೀಲಿಸಿದ ಸಂಗತಿಗಳಲ್ಲ.

ಹೆಸರಿಸುವುದರಲ್ಲೂ ಅದೇ ಅಳತೆ. ಒಂದು ಕಡೆ ‘ಮಾನವ ಸಂಪನ್ಮೂಲ ವಿಭಾಗದ ಹಿರಿಯ ವ್ಯವಸ್ಥಾಪಕರಾದ ಶ್ರೀ…’ ಎಂದು ಬರೆದು, ಇನ್ನೊಂದು ಕಡೆ ‘ಕಾರ್ಮಿಕರು’ ಎಂದು ಗುಂಪಾಗಿ ಬರೆದರೆ ಒಬ್ಬರು ವ್ಯಕ್ತಿ, ಇನ್ನೊಬ್ಬರು ಜನಜಂಗುಳಿ ಆಗುತ್ತಾರೆ. ಇಬ್ಬರಿಗೂ ಹುದ್ದೆ, ಇಬ್ಬರಿಗೂ ಬಹುವಚನ. ಹಾಜರಾತಿ ಪಟ್ಟಿಯಲ್ಲಿ ಹೆಸರು ಒಂದು ಸಲ ಬಂದರೆ ಸಾಕು.

‘ನೋಡೋಣ’, ‘ಆಯ್ತು’, ‘ನಾವು’

ನಮ್ಮ ಮಾತಿನಲ್ಲಿ ಒಪ್ಪಿಗೆಯಂತೆ ಕೇಳುವ, ಒಪ್ಪಿಗೆಯಲ್ಲದ ಪದಗಳು ಬಹಳ. ‘ಆಯ್ತು’ ಎಂದರೆ ಕೆಲವೊಮ್ಮೆ ‘ಒಪ್ಪಿದೆ’, ಕೆಲವೊಮ್ಮೆ ‘ಕೇಳಿಸಿಕೊಂಡೆ’, ಕೆಲವೊಮ್ಮೆ ‘ಸಾಕು, ಮುಂದಿನದಕ್ಕೆ ಹೋಗೋಣ’. ‘ಹ್ಞೂಂ’ ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಗುರುತಷ್ಟೇ. ‘ಆಗಲಿ ಬಿಡಿ’ ಬೇಸರವೂ ಆಗಬಹುದು. ಇದನ್ನು ತೀರ್ಮಾನಿಸಲು ಮುಂದಿನ ಒಂದೆರಡು ನಿಮಿಷ ಕೇಳಿ. ಒಪ್ಪಿಗೆಯಾಗಿದ್ದರೆ ಆ ವಿಷಯದ ಮೇಲೆ ಮತ್ತೆ ಚೌಕಾಸಿ ಬರುವುದಿಲ್ಲ, ಯಾರಾದರೂ ಅದನ್ನು ಬರೆದುಕೊಳ್ಳಿ ಎನ್ನುತ್ತಾರೆ, ಅಥವಾ ಯಾವಾಗಿನಿಂದ, ಹೇಗೆ ಎಂಬ ಮಾತು ಶುರುವಾಗುತ್ತದೆ. ಇವು ಯಾವುದೂ ಇಲ್ಲದಿದ್ದರೆ ಒಪ್ಪಿಗೆ ಎಂದು ಬರೆಯಬೇಡಿ, ಆಡಿದ ಪದವನ್ನೇ ಉದ್ಧರಿಸಿ ಸಮಯ ಹಾಕಿ.

‘ನಾವು’ ಎಂಬುದರ ಮೇಲೂ ಕಣ್ಣಿಡಿ. ಮ್ಯಾನೇಜರ್ ‘ಈ ವರ್ಷ ನಾವು ಕಷ್ಟದಲ್ಲಿದ್ದೀವಿ’ ಎಂದಾಗ ಅದು ಕಂಪನಿಯೋ, ಅಲ್ಲಿ ಕುಳಿತ ಎಲ್ಲರೋ ಪದದಿಂದ ತಿಳಿಯುವುದಿಲ್ಲ. ಹಾಗೇ ಕರ್ತೃವೇ ಇಲ್ಲದ ವಾಕ್ಯಗಳು: ‘ಶನಿವಾರದೊಳಗೆ ಕೊಟ್ಟುಬಿಡ್ತೀವಿ.’ ಯಾರು, ಏನನ್ನು? ಹಿಂದಿನ ಮಾತಿನಿಂದ ಸಂಶಯಕ್ಕೆಡೆಯಿಲ್ಲದಂತೆ ತಿಳಿದರೆ ತುಂಬಿಸಿ. ಇಲ್ಲವಾದರೆ ‘ಏನನ್ನು ಎಂಬುದು ಸ್ಪಷ್ಟವಿಲ್ಲ’ ಎಂದು ಚೌಕ ಆವರಣದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಇಬ್ಬರೂ ಸೇರಿ ತುಂಬಿಸುತ್ತಾರೆ. ಬರೆಯುವವರು ಊಹಿಸಿ ತುಂಬಿಸಿದ ಜಾಗವೇ ಮುಂದೆ ‘ನೀವೇ ಕೊಡ್ತೀವಿ ಅಂದಿದ್ರಲ್ಲ’ ಎಂಬ ಜಗಳಕ್ಕೆ ಮೂಲ.

ಅರಿಯರ್ಸ್, ಬೇಸಿಕ್, ಇನ್ಸೆಂಟಿವ್, ಸಿಟಿಸಿ ಮುಂತಾದ ಪದಗಳನ್ನು ಆಡಿದಂತೆಯೇ ಇಡಿ. ‘ಪ್ರೋತ್ಸಾಹಧನ’ ಎಂದು ಬದಲಿಸಿದರೆ ಅದು ಇನ್ಸೆಂಟಿವೋ ಬೋನಸ್ಸೋ ಎಂದು ಓದುವವರು ತಡವರಿಸುತ್ತಾರೆ. ಬೋನಸ್ಸಿಗಂತೂ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಎಂಬ ಕಾನೂನಿನ ಮಿತಿಯಿದೆ, ಇನ್ಸೆಂಟಿವ್‌ಗೆ ಹಾಗಿಲ್ಲ. ಪದ ಬದಲಾದರೆ ಹಕ್ಕೇ ಬದಲಾಗುತ್ತದೆ.

ಬಿಸಿ ಮಾತನ್ನು ಏನು ಮಾಡುವುದು

‘ಹುಡುಗ್ರು ಸುಮ್ನಿರಲ್ಲ’, ‘ಹೆದರಿಸಬೇಡಿ’ ಎಂಬೆರಡು ಮಾತುಗಳು ಮೇಲಿನ ಸರಿಯಾದ ಸಾರಾಂಶದಲ್ಲಿ ಇಲ್ಲ. ಬೇಕೆಂದೇ ಬಿಟ್ಟದ್ದು, ಎರಡನ್ನೂ ಒಟ್ಟಿಗೆ ಬಿಟ್ಟದ್ದು. ಆರ್ಡರ್ ಬೇರೆ ಕಡೆ ಹೋಗುತ್ತಿದೆ ಎಂಬ ಮಾತಿನಲ್ಲಿ ಕಾರಣವಿತ್ತು, ಅದು ಉಳಿಯಿತು. ಅಳತೆಗೋಲು ಇಷ್ಟೇ: ಆ ಮಾತಿನಿಂದ ಯಾರ ನಿಲುವಾದರೂ ಬದಲಾಯಿತೇ, ಹೊಸ ಷರತ್ತು ಬಂತೇ, ದಿನಾಂಕ ಬಂತೇ? ‘ಸೋಮವಾರದೊಳಗೆ ಉತ್ತರ ಬರದಿದ್ದರೆ ಮುಷ್ಕರದ ನೋಟಿಸ್ ಕೊಡುತ್ತೇವೆ’ ಎಂದಿದ್ದರೆ ಅದು ಸಾರಾಂಶದಲ್ಲಿ ಇರಲೇಬೇಕು, ಅದೇ ಪದಗಳಲ್ಲಿ. ‘ಲೈನ್ ಬೇರೆ ಊರಿಗೆ ಹಾಕುತ್ತೇವೆ’ ಎಂದು ಆಡಳಿತ ಹೇಳಿದ್ದರೆ ಅದೂ ಇರಬೇಕು. ಬೈಗುಳ, ವ್ಯಂಗ್ಯ, ಮೇಜು ಕುಟ್ಟಿದ್ದು ಯಾರದೂ ಬೇಡ. ಒಂದು ಕಡೆಯ ಕೂಗಾಟವನ್ನು ‘ವಾತಾವರಣ ಬಿಸಿಯಾಯಿತು’ ಎಂದು ಮೃದುವಾಗಿಸಿ, ಇನ್ನೊಂದು ಕಡೆಯದನ್ನು ಉದ್ಧರಿಸುವುದು ಬಹಳ ಸಾಮಾನ್ಯ ತಪ್ಪು. ಕರಡು ಮುಗಿದ ಮೇಲೆ ಸೂಚಿಯಲ್ಲಿನ ಬಿಸಿ ಮಾತುಗಳನ್ನೆಲ್ಲ ಒಟ್ಟಿಗೆ ಸಾಲಾಗಿಟ್ಟು, ಉಳಿಸಿದ್ದಕ್ಕೂ ಬಿಟ್ಟಿದ್ದಕ್ಕೂ ಒಂದೇ ನಿಯಮ ಹಿಡಿದಿದ್ದೀರಾ ನೋಡಿ.

ಕರಡನ್ನು ಪರೀಕ್ಷಿಸುವುದು

ಹೆಚ್ಚು ಕೆಲಸಕ್ಕೆ ಬರುವ ಪರೀಕ್ಷೆ ಹೆಸರು ಅದಲುಬದಲು ಮಾಡುವುದು. ಕರಡಿನ ಒಂದು ಪ್ರತಿಯಲ್ಲಿ ‘ಸಂಘ’ ಇದ್ದಲ್ಲಿ ‘ಆಡಳಿತ’, ‘ಆಡಳಿತ’ ಇದ್ದಲ್ಲಿ ‘ಸಂಘ’ ಎಂದು ಹಾಕಿ ಓದಿ. ಅಂಕಿಗಳು ಅಸಂಬದ್ಧವಾಗಿ ಕಾಣುತ್ತವೆ, ಅದು ಸರಿಯೇ. ಆದರೆ ಯಾವುದಾದರೂ ಕ್ರಿಯಾಪದ ಅಥವಾ ವಿಶೇಷಣ ಕಿವಿಗೆ ಚುಚ್ಚಿದರೆ, ‘ಆಡಳಿತ ಪಟ್ಟು ಹಿಡಿಯಿತು’ ಎಂಬುದು ವಿಚಿತ್ರವೆನಿಸಿದರೆ, ಆ ಪದ ಮೂಲದಲ್ಲೂ ಇರಬಾರದು.

ಎರಡನೆಯದು ಹಿಮ್ಮುಖ ಪರಿಶೀಲನೆ. ಸಾರಾಂಶದ ಪ್ರತಿ ವಾಕ್ಯಕ್ಕೂ ಸೂಚಿಯಲ್ಲಿ ಒಂದು ಸಮಯ ಸಿಗಬೇಕು. ಸಿಗದ ವಾಕ್ಯ ಬರೆಯುವವರದೇ ಸೇರ್ಪಡೆ. ಆಮೇಲೆ ಸೂಚಿಯಲ್ಲಿ ‘ಷರತ್ತು’ ಮತ್ತು ‘ಪ್ರಶ್ನೆ’ ಎಂದು ಗುರುತಿಸಿದ ಪ್ರತಿ ಸಾಲೂ ಸಾರಾಂಶದಲ್ಲಿ ಇದೆಯೇ ನೋಡಿ. ಉತ್ತರ ಸಿಗದ ಪ್ರಶ್ನೆಗಳು ಕಾಣೆಯಾಗಿರುವುದು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಇಬ್ಬರಿಗೂ ಒಂದೇ ಗಳಿಗೆಗೆ

ಕರಡನ್ನು ಎರಡೂ ಕಡೆಗೆ ಒಂದೇ ಇಮೇಲಿನಲ್ಲಿ ಕಳಿಸಿ. ಒಬ್ಬರಿಗೆ ಮೊದಲು ತೋರಿಸಿ ‘ಸರಿ ಇದೆಯಾ’ ಎಂದು ಕೇಳಿದರೆ, ಇನ್ನೊಬ್ಬರ ಪಾಲಿಗೆ ಅದು ಆಗಲೇ ಅವರ ದಾಖಲೆ. ತಿದ್ದುಪಡಿ ಹೇಳಲು ಎರಡು ದಿನದ ಗಡುವು ಕೊಟ್ಟು, ಪ್ರತಿ ತಿದ್ದುಪಡಿಗೂ ರೆಕಾರ್ಡಿಂಗಿನ ಸಮಯ ಬರೆದುಕೊಡಲು ಕೇಳಿ.

ಬರುವ ತಿದ್ದುಪಡಿಗಳು ಮೂರು ಬಗೆ. ‘ನಾವು ಹೇಳಿದ್ದು ಹಾಗಲ್ಲ’ ಎಂದರೆ ಆ ಸಮಯಕ್ಕೆ ಹೋಗಿ ಕೇಳಿ, ತಪ್ಪಿದ್ದರೆ ತಿದ್ದಿ, ಇಬ್ಬರಿಗೂ ತಿಳಿಸಿ. ‘ಹೇಳಿದ್ದು ಹಾಗೇ, ಆದರೆ ನಮ್ಮ ಅರ್ಥ ಬೇರೆ’ ಎಂದರೆ ಮೂಲ ಸಾಲನ್ನು ಮುಟ್ಟದೆ ಅದರ ಕೆಳಗೆ ‘ಸಭೆಯ ನಂತರದ ಸ್ಪಷ್ಟೀಕರಣ’ ಎಂದು ದಿನಾಂಕದೊಂದಿಗೆ ಸೇರಿಸಿ. ‘ಹೇಳಿದ್ದೇವೆ, ಆದರೆ ತೆಗೆದುಬಿಡಿ’ ಎಂದರೆ ಎದುರು ಕಡೆಯೂ ಒಪ್ಪಿದರೆ ಮಾತ್ರ ತೆಗೆಯಬಹುದು. ಈ ಮೂರನ್ನು ಕಲಸಿಬಿಟ್ಟರೆ ಸಾರಾಂಶ ಅಂದು ಆಡಿದ ಮಾತಿನ ದಾಖಲೆಯಾಗಿ ಉಳಿಯದೆ, ಆಮೇಲೆ ಯೋಚಿಸಿದ ಮಾತಿನ ದಾಖಲೆಯಾಗುತ್ತದೆ.

ಕೊನೆಯ ಪುಟದಲ್ಲಿ ಸಹಿಯ ಮೇಲಿನ ವಾಕ್ಯ ಎಚ್ಚರದಿಂದಿರಲಿ: ‘ಮೇಲಿನದು ಸಭೆಯಲ್ಲಿ ಹೇಳಿದ್ದರ ಸರಿಯಾದ ಸಾರಾಂಶ. ಇದು ಒಪ್ಪಂದವಲ್ಲ. ಇಲ್ಲಿನ ಯಾವ ಪ್ರಸ್ತಾಪವೂ ಅಂತಿಮ ಒಪ್ಪಂದಕ್ಕೆ ಸಹಿಯಾಗುವವರೆಗೆ ಯಾವ ಕಡೆಯನ್ನೂ ಬದ್ಧಗೊಳಿಸುವುದಿಲ್ಲ.’ 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ಕಾರ್ಖಾನೆಗಳಲ್ಲಿ ‘18(1) ಒಪ್ಪಂದ’, ‘12(3) ಒಪ್ಪಂದ’ ಎಂದು ಕರೆದುಕೊಂಡು ಬಂದ, ಕಾನೂನಿನಂತೆ ಎರಡೂ ಕಡೆಯನ್ನು ಬದ್ಧಗೊಳಿಸುವ ಪತ್ರಗಳೇ ಬೇರೆ, ಈ ಸಾರಾಂಶವೇ ಬೇರೆ. ಈ ವಾಕ್ಯವಿಲ್ಲದಿದ್ದರೆ ‘4,500 ಕೊಡ್ತೀವಿ ಅಂತ ಸಹಿ ಮಾಡಿದ್ದಾರೆ’ ಎಂದು ಯಾರಾದರೂ ಗೇಟಿನಲ್ಲಿ ಹೇಳುವ ಸಾಧ್ಯತೆ ಇದ್ದೇ ಇದೆ.

ಸಹಿಯಾದ ಮೇಲೆ ರೆಕಾರ್ಡಿಂಗ್ ಎಷ್ಟು ದಿನ ಇರಬೇಕು, ಯಾರ ಬಳಿ ಇರಬೇಕು ಎಂಬುದನ್ನೂ ಇದೇ ಪತ್ರದಲ್ಲಿ ಬರೆಯಿರಿ. ಅಂತಿಮ ಒಪ್ಪಂದ ಆಗುವವರೆಗೆ ಎರಡೂ ಕಡೆ ಒಂದೊಂದು ಪ್ರತಿ ಇಟ್ಟುಕೊಂಡು, ಆಮೇಲೆ ಇಬ್ಬರೂ ಅಳಿಸುವುದು ಸರಳ ವ್ಯವಸ್ಥೆ. ಬರೆದವರ ಕಂಪ್ಯೂಟರಿನಲ್ಲಿರುವ ಕೆಲಸದ ಪ್ರತಿ, ಫೋನಿನ ಮೂಲ ಫೈಲು, ವಾಟ್ಸಾಪಿನಲ್ಲಿ ಕಳಿಸಿದ್ದ ತುಣುಕುಗಳು ಮೂರನ್ನೂ ಆ ಪಟ್ಟಿಯಲ್ಲಿ ಸೇರಿಸಿ.